ಕಮಿಷನ್ ಸಿಗದ ಸಲಹೆ

ತಿಂಗಳ 15ನೇ ತಾರೀಕು ಹತ್ತಿರ ಬಂತೆಂದರೆ ಭದ್ರಾವತಿ ನ್ಯೂಟೌನಿನ ಈ 'ಆರ್‌ಡಿ ಅಕ್ಕ' ಮನೆಯಲ್ಲಿ ಸಿಗುವುದು ಕಷ್ಟ. ಅಂಚೆ ಕಚೇರಿಯಲ್ಲಿ ಆರ್‌ಡಿ ಖಾತೆಯನ್ನು 15ರೊಳಗೆ ತೆರೆದವರು ಪ್ರತಿ ತಿಂಗಳೂ 15ರೊಳಗೇ ಕಂತು ಕಟ್ಟಬೇಕು. ಆಮೇಲೆ ತೆರೆದವರಿಗೆ ತಿಂಗಳ ಕೊನೆಯವರೆಗೂ ಸಮಯವಿದೆ. ತಪ್ಪಿದರೆ ನೂರು ರೂಪಾಯಿಗೆ ಒಂದು ರೂಪಾಯಿ ದಂಡ. ಹಾಗಾಗಿ ತಿಂಗಳಲ್ಲಿ ಎರಡು ಬಾರಿ ಅಕ್ಕನ ಓಡಾಟ ಜೋರು. ಹೆಗಲಿಗೊಂದು ಚೀಲ, ಅದರಲ್ಲಿ ಒಂದು ಉದ್ದ ನೋಟ್‌ಬುಕ್ಕು, ಎರಡು ಪೆನ್ನು. ಹೆಸರು ಹಾಕಬೇಡಿ ಎಂದರು. ಊರಿನಲ್ಲಿ ಅವರ ಹೆಸರು ಹೇಳಿ ಕೇಳುವವರೂ ಕಡಿಮೆಯೇ ಬಿಡಿ.

ಮನೆಯ ಬಾಗಿಲಲ್ಲಿ ನಡೆಯುವುದು ಎರಡು ನಿಮಿಷದ ಕೆಲಸ. ಮನೆಯಾಕೆ ಒಳಗಿನಿಂದ ದುಡ್ಡಿನ ಜೊತೆ ಒಂದು ಕಾರ್ಡು ತರುತ್ತಾರೆ. 'ಅಸ್ಲಾಸ್ ಕಾರ್ಡ್' ಎನ್ನುವುದು ಇದನ್ನೇ. ಅಕ್ಕ ನೋಟು ಎಣಿಸಿ, ಕಾರ್ಡಿನಲ್ಲಿ ತಿಂಗಳು, ತಾರೀಕು, ಮೊತ್ತ ಬರೆದು ಸಹಿ ಹಾಕಿ ಕಾರ್ಡನ್ನು ವಾಪಸು ಕೊಡುತ್ತಾರೆ. ಸಂಜೆ ಎಲ್ಲ ಖಾತೆಗಳ ಪಟ್ಟಿ ಮಾಡಿ, ಮರುದಿನ ಅಂಚೆ ಕಚೇರಿಯಲ್ಲಿ ಹಣ ಕಟ್ಟುತ್ತಾರೆ.

ಈ ಏಜೆನ್ಸಿಯ ಪೂರ್ತಿ ಹೆಸರು ಮಹಿಳಾ ಪ್ರಧಾನ ಕ್ಷೇತ್ರೀಯ ಬಚತ್ ಯೋಜನೆ. 1972ರಲ್ಲಿ ಶುರುವಾದದ್ದು, ಹೆಂಗಸರಿಗೆ ಮಾತ್ರ ಸಿಗುವಂಥದ್ದು. ಸಂಗ್ರಹಿಸಿದ ಹಣಕ್ಕೆ ನೂರಕ್ಕೆ ನಾಲ್ಕು ರೂಪಾಯಿ ಕಮಿಷನ್. ಸಾವಿರ ರೂಪಾಯಿ ಕಂತಿನ ಒಂದು ಖಾತೆಯಿಂದ ತಿಂಗಳಿಗೆ 40 ರೂಪಾಯಿ. ಅಂಥ 200 ಖಾತೆಗಳಿದ್ದರೆ 8,000. ಇನ್ನೂರು ಮನೆಯ ಮೆಟ್ಟಿಲು ಹತ್ತಿಳಿದು ಬರುವ ಆದಾಯ ಇಷ್ಟು.

ಇಂಥ ಕೆಲಸ ಭದ್ರಾವತಿಯಲ್ಲಿ ಬೇರು ಬಿಟ್ಟದ್ದಕ್ಕೆ ಕಾರಣ ಕಾರ್ಖಾನೆಗಳು. ಬೆಂಕಿಪುರ ಎಂದು ಕರೆಸಿಕೊಂಡಿದ್ದ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿತು. 1936ರಲ್ಲಿ ಕಾಗದ ಕಾರ್ಖಾನೆ ಹುಟ್ಟಿತು. ತಿಂಗಳಿಗೊಮ್ಮೆ ನಿಗದಿತ ದಿನ ಸಂಬಳ ಕಾಣುವ ಸಾವಿರಾರು ಮನೆಗಳು ಕ್ವಾರ್ಟರ್ಸ್‌ಗಳಲ್ಲಿ ಸಾಲಾಗಿ ನಿಂತವು. ಸಂಬಳದ ದಿನ ಗೊತ್ತಿದ್ದರೆ ಏಜೆಂಟರಿಗೆ ಅರ್ಧ ಕೆಲಸ ಮುಗಿದಂತೆ. ಅಕ್ಕನ ಮೊದಲ ಖಾತೆಗಳೆಲ್ಲ ಅಕ್ಕಪಕ್ಕದ ಕ್ವಾರ್ಟರ್ಸ್‌ನವೇ. ಮಗಳ ಮದುವೆಗೆಂದೋ ಸೈಟಿಗೆಂದೋ ಐದು ವರ್ಷ ಕಟ್ಟಿದ ಆರ್‌ಡಿ ಕೈಗೆ ಬಂದಾಗ ಆ ಮನೆಯವರು ಇನ್ನೆರಡು ಮನೆಯವರಿಗೆ ಹೇಳುತ್ತಿದ್ದರು. ಅಂದರೆ ಮೊದಲ ಶಿಫಾರಸು ಬರುವುದಕ್ಕೇ ಐದು ವರ್ಷ ಬೇಕು.

ಶಿವಮೊಗ್ಗದ ಕಡೆಯ ಲೆಕ್ಕ ಬೇರೆ. ಅಲ್ಲಿ ಅಡಿಕೆ ಬೆಳೆಗಾರರಿಗೆ ದುಡ್ಡು ಬರುವುದು ಕೊಯ್ಲು ಮುಗಿದು ಮಾಲು ಮಾರಿದ ಮೇಲೆ, ಒಟ್ಟಿಗೆ. ಅವರಿಗೆ ಅಕ್ಕ ಹೇಳಿಕೊಡುವುದು ಮುಂಗಡ ಕಂತಿನ ದಾರಿ. ಹನ್ನೆರಡು ತಿಂಗಳ ಕಂತು ಒಮ್ಮೆಗೇ ಕಟ್ಟಿದರೆ ನೂರು ರೂಪಾಯಿ ಕಂತಿಗೆ 40 ರೂಪಾಯಿ ರಿಯಾಯಿತಿ ಇದೆ. ಸಾವಿರದ ಕಂತಿನವರು 12,000ದ ಬದಲು 11,600 ಕಟ್ಟಿದರೆ ವರ್ಷವಿಡೀ ನೆಮ್ಮದಿ.

ನಾನು ಭದ್ರಾವತಿಗೆ ಹೋದದ್ದು ಮಾತ್ರ ಬೇರೊಂದು ಕಥೆ ಕೇಳಿ. ಉಕ್ಕಿನ ಕಾರ್ಖಾನೆಯಿಂದ 60ಕ್ಕೆ ನಿವೃತ್ತರಾದವರೊಬ್ಬರ ಖಾತೆಗೆ ಪಿಎಫ್, ಗ್ರಾಚ್ಯುಟಿ ಜಮಾ ಆಯಿತು. ಅದರಲ್ಲಿ 15 ಲಕ್ಷವನ್ನು ಅಂಚೆಯ ಮಾಸಿಕ ಆದಾಯ ಯೋಜನೆಯಲ್ಲಿ, ಅಂದರೆ ಎಂಐಎಸ್‌ನಲ್ಲಿ, ಹೆಂಡತಿಯ ಜೊತೆ ಜಂಟಿಯಾಗಿ ಇಡುವುದೆಂದು ಅವರು ತೀರ್ಮಾನಿಸಿಯಾಗಿತ್ತು. ಫಾರಂ ತುಂಬಲು ಅಕ್ಕನನ್ನು ಕರೆದರು. ಬಡ್ಡಿ ಶೇ 7.4, ತಿಂಗಳಿಗೆ 9,250 ರೂಪಾಯಿ, ವರ್ಷಕ್ಕೆ 1,11,000. ಈ ಠೇವಣಿ ತಂದವರಿಗೆ ಅರ್ಧ ಪರ್ಸೆಂಟ್ ಕಮಿಷನ್, ಅಂದರೆ 7,500 ರೂಪಾಯಿ. ಅದಕ್ಕೆ ಬೇಕಾದ ಇನ್ನೊಂದು ಏಜೆನ್ಸಿಯೂ ಅಕ್ಕನ ಬಳಿ ಇತ್ತು. ಸಹಿ ಹಾಕಿಸಿ ಬಂದಿದ್ದರೆ ಅವರ ಒಂದು ತಿಂಗಳ ದುಡಿಮೆ ಕೂತಲ್ಲೇ ಬರುತ್ತಿತ್ತು.

'ಅಣ್ಣ, ಫಾರಂ ಆಮೇಲೆ ತುಂಬೋಣ. ನಿಮಗೆ ಅರವತ್ತು ಆಯ್ತಲ್ಲ, ಹಿರಿಯ ನಾಗರಿಕರ ಸ್ಕೀಮು ನೋಡಿ' ಎಂದರಂತೆ ಅಕ್ಕ. ಅದರ ಬಡ್ಡಿ ಶೇ 8.2. ಅದೇ 15 ಲಕ್ಷಕ್ಕೆ ವರ್ಷಕ್ಕೆ 1,23,000. ಮೂರು ತಿಂಗಳಿಗೊಮ್ಮೆ 30,750 ರೂಪಾಯಿ ಖಾತೆಗೆ ಬೀಳುತ್ತದೆ. ವರ್ಷಕ್ಕೆ 12,000, ಐದು ವರ್ಷಕ್ಕೆ 60,000 ರೂಪಾಯಿ ಹೆಚ್ಚು. ಎರಡಕ್ಕೂ ಗ್ಯಾರಂಟಿ ಕೇಂದ್ರ ಸರ್ಕಾರದ್ದೇ. ಈ ಸ್ಕೀಮಿನಲ್ಲಿ ಏಜೆಂಟರಿಗೆ ಸಿಗುವುದು ಸೊನ್ನೆ. ಮೊದಲು ಇದಕ್ಕೂ ಅರ್ಧ ಪರ್ಸೆಂಟ್ ಇತ್ತು. 2011ರ ಡಿಸೆಂಬರ್‌ನಿಂದ ಸರ್ಕಾರ ಅದನ್ನು ನಿಲ್ಲಿಸಿತು.

ಬಡ್ಡಿ ತಿಂಗಳಿಗೊಮ್ಮೆ ಬರುವುದಿಲ್ಲವಲ್ಲ ಎಂದು ನಿವೃತ್ತರು ತಕರಾರು ತೆಗೆದರು. ಅಕ್ಕ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು ತೋರಿಸಿದರು: ಮೊದಲ ಮೂರು ತಿಂಗಳ ಖರ್ಚಿಗೆ 30,000 ಉಳಿತಾಯ ಖಾತೆಯಲ್ಲೇ ಬಿಡಿ, ಆಮೇಲೆ ಬಂದ ಬಡ್ಡಿಯೇ ಮುಂದಿನ ಮೂರು ತಿಂಗಳಿಗೆ. ತೊಂದರೆಗಳನ್ನೂ ಮುಚ್ಚಿಡಲಿಲ್ಲ. ವರ್ಷದೊಳಗೆ ಖಾತೆ ಮುಚ್ಚಿದರೆ ಕೊಟ್ಟ ಬಡ್ಡಿಯನ್ನು ಹಿಡಿದುಕೊಳ್ಳುತ್ತಾರೆ. ವರ್ಷವಾದ ಮೇಲೆ, ಎರಡು ವರ್ಷದೊಳಗೆ ಮುಚ್ಚಿದರೆ ಅಸಲಿನಲ್ಲಿ ಶೇ 1.5 ಕಡಿತ. ಆದ್ದರಿಂದ ಮಗನ ಮನೆ ಕಟ್ಟಲು ಬೇಕಾಗಬಹುದಾದ ದುಡ್ಡನ್ನು ಇಲ್ಲಿ ಹಾಕಬೇಡಿ ಎಂದೂ ಹೇಳಿದರು.

'ಏಳೂವರೆ ಸಾವಿರ ಹೋಯ್ತಲ್ಲ?' ಎಂದು ಕೇಳಿದೆ. 'ಹೋಯ್ತು. ಆದ್ರೆ ಇನ್ನೊಬ್ಬರು ಬಂದು ಅವರಿಗೆ ಈ ವಿಷಯ ಹೇಳಿದ್ರೆ ನಾನು ಆ ಬೀದೀಲಿ ತಲೆ ಎತ್ತಿ ನಡೀಬೇಕಲ್ಲ' ಎಂದರು. ಆ ನಿವೃತ್ತರ ಇಬ್ಬರು ಗೆಳೆಯರು ಆಮೇಲೆ ಅಕ್ಕನ ಬಳಿಯೇ ಬಂದರಂತೆ. ಅವರದೂ ಕಮಿಷನ್ ಇಲ್ಲದ ಖಾತೆಗಳೇ! ಅಂಥದ್ದೇ ಮಾಡುತ್ತ ಹೋದ ಮೇಲೆ ಅವರಲ್ಲೊಬ್ಬರ ಮಗ ಮ್ಯೂಚುವಲ್ ಫಂಡಿನ ವಿಚಾರ ಕೇಳಿಕೊಂಡು ಬಂದ.

ಕಾಗದ ಕಾರ್ಖಾನೆಯಿಂದ ವಿಆರ್‌ಎಸ್ ಪಡೆದು ಬಂದವರ ವಿಷಯದಲ್ಲಿ ಅಕ್ಕನಿಗೆ ಈಗಲೂ ಬೇಸರವಿದೆ. 55 ದಾಟಿ ನಿವೃತ್ತರಾದವರೂ ಹಿರಿಯ ನಾಗರಿಕರ ಸ್ಕೀಮಿಗೆ ಸೇರಬಹುದು. ಆದರೆ ನಿವೃತ್ತಿಯ ಹಣ ಕೈಸೇರಿದ ಒಂದು ತಿಂಗಳೊಳಗೆ ಸೇರಬೇಕೆಂಬ ಷರತ್ತಿತ್ತು. ಆ ತಿಂಗಳು ಮನೆಯಲ್ಲಿ ಚರ್ಚೆ, ನೆಂಟರ ಸಲಹೆ, ಬಂದವರ ಮಾತು ಇವುಗಳಲ್ಲೇ ಕಳೆದುಹೋಗುತ್ತಿತ್ತು. 2023ರ ನವೆಂಬರ್‌ನಲ್ಲಿ ಗಡುವನ್ನು ಮೂರು ತಿಂಗಳಿಗೆ ಏರಿಸಿದರು. ಅಷ್ಟರಲ್ಲಿ ಈ ಊರಿನ ಬಹುಪಾಲು ವಿಆರ್‌ಎಸ್ ದುಡ್ಡು ಎಲ್ಲೆಲ್ಲಿಗೆ ಹೋಗಬೇಕೋ ಹೋಗಿಯಾಗಿತ್ತು.

ಆ ಹುಡುಗ ಮ್ಯೂಚುವಲ್ ಫಂಡ್ ಕೇಳಿದಾಗ ಅಕ್ಕನ ಬಳಿ ಅದಕ್ಕೆ ಪರವಾನಗಿ ಇರಲಿಲ್ಲ. ಅಂಚೆ ಏಜೆನ್ಸಿಗೆ ಪರೀಕ್ಷೆಯಿಲ್ಲ. ವಿಮೆಗೆ ಹತ್ತನೇ ತರಗತಿ, 25 ಗಂಟೆ ತರಬೇತಿ, ಒಂದು ಪರೀಕ್ಷೆ. ಫಂಡ್ ವಿತರಕರಾಗಲು ಎನ್‌ಐಎಸ್‌ಎಂ ಸಂಸ್ಥೆಯ ಐದು-ಎ ಸರಣಿಯ ಪರೀಕ್ಷೆ ಬರೆಯಬೇಕು: ಎರಡು ಗಂಟೆ, ನೂರು ಪ್ರಶ್ನೆ, ಐವತ್ತು ಅಂಕ ಬಂದರೆ ಪಾಸು, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಪಾಸಾದ ಮೇಲೆ ಫಂಡ್ ಕಂಪನಿಗಳ ಒಕ್ಕೂಟವಾದ 'ಆಂಫಿ'ಯಿಂದ ಎಆರ್‌ಎನ್ ಎಂಬ ನೋಂದಣಿ ಸಂಖ್ಯೆ. ಮೂರು ವರ್ಷಕ್ಕೊಮ್ಮೆ ನವೀಕರಣ. ಅಕ್ಕ ಮಗಳ ಪಕ್ಕ ಕೂತು ಓದಿ ಪಾಸಾದರು.

ಪಾಸಾದ ಮೇಲೆ ಆದಾಯ ಧುಮ್ಮಿಕ್ಕಿತೆಂದು ಭಾವಿಸಬೇಡಿ. 2009ರ ಆಗಸ್ಟ್‌ವರೆಗೆ ಹೂಡಿಕೆದಾರರ ದುಡ್ಡಿನಿಂದಲೇ ಶೇ 2.25ರವರೆಗೆ ಮೊದಲಿಗೇ ಕಡಿದು ವಿತರಕರಿಗೆ ಕೊಡುವ ಪದ್ಧತಿಯಿತ್ತು. ಸೆಬಿ ಅದನ್ನು ರದ್ದುಮಾಡಿತು. 2018ರಲ್ಲಿ ಕಂಪನಿಗಳು ಮುಂಗಡವಾಗಿ ಕೊಡುತ್ತಿದ್ದ ಕಮಿಷನ್ನಿಗೂ ತಡೆ ಬಿತ್ತು. ಈಗ ಮುಖ್ಯವಾಗಿ ಇರುವುದು ಟ್ರೇಲ್. ದುಡ್ಡು ಫಂಡಿನಲ್ಲಿ ಇರುವಷ್ಟು ದಿನ ಚೂರು ಚೂರೇ ಬರುವ ಕಮಿಷನ್ ಅದು. ಐವತ್ತು ಜನರಿಂದ ತಿಂಗಳಿಗೆ ಎರಡೆರಡು ಸಾವಿರದ ಎಸ್‌ಐಪಿ ಮಾಡಿಸಿದಿರಿ ಎನ್ನಿ. ವರ್ಷ ಮುಗಿಯುವಾಗ 12 ಲಕ್ಷ ಸೇರಿರುತ್ತದೆ. ವರ್ಷಕ್ಕೆ ಶೇ 0.8ರ ಲೆಕ್ಕದಲ್ಲಿ ನಿಮ್ಮ ಪಾಲು ತಿಂಗಳಿಗೆ 800 ರೂಪಾಯಿ. ಮಾರುಕಟ್ಟೆ ಏರದಿದ್ದರೂ ಹತ್ತು ವರ್ಷ ಯಾರೂ ಬಿಟ್ಟುಹೋಗದಿದ್ದರೆ ಅದು 8,000 ಆಗುತ್ತದೆ. ಬಿಟ್ಟುಹೋಗದಂತೆ ನೋಡಿಕೊಳ್ಳುವುದೇ ನಿಜವಾದ ಕಸುಬು. ಮಾರುಕಟ್ಟೆ ಕುಸಿದಾಗ ಅಕ್ಕನಿಗೆ ಬಂದ ಫೋನುಗಳಲ್ಲಿ ಇದ್ದದ್ದು ಒಂದೇ ಮಾತು: 'ತೆಗೆದುಕೊಡಿ.' ಮನೆ ಖರ್ಚಿಗೇ ಬೇಕಿದ್ದವರಿಗೆ ತೆಗೆಸಿಕೊಟ್ಟರು. ಉಳಿದವರಿಗೆ, ಕಂತು ನಿಲ್ಲಿಸಿದರೂ ಸರಿ, ಇರುವುದನ್ನು ಮುಟ್ಟಬೇಡಿ ಎಂದರು.

ಇಷ್ಟೆಲ್ಲ ಮಾಡಿದರೂ ಅಕ್ಕ ತಮ್ಮನ್ನು ಹೂಡಿಕೆ ಸಲಹೆಗಾರ್ತಿ ಎಂದು ಕರೆದುಕೊಳ್ಳುವಂತಿಲ್ಲ. ಆ ಹೆಸರಿಗೆ ಸೆಬಿಯ ಪ್ರತ್ಯೇಕ ನೋಂದಣಿ ಬೇಕು. 2013ರ ನಿಯಮ, 2024ರ ಕೊನೆಗೆ ಒಂದಷ್ಟು ಸಡಿಲವಾಯಿತು. ಪದವಿ ಬೇಕು, ಹತ್ತು-ಎ ಮತ್ತು ಹತ್ತು-ಬಿ ಎಂಬ ಎರಡು ಪರೀಕ್ಷೆಗಳಲ್ಲಿ ಶೇ 60 ಅಂಕ ಬೇಕು. ಅಲ್ಲಿ ತಪ್ಪು ಉತ್ತರಕ್ಕೆ ಅಂಕ ಹೋಗುತ್ತದೆ. 150 ಗ್ರಾಹಕರವರೆಗೆ ಒಂದು ಲಕ್ಷ ಠೇವಣಿ ಇಡಬೇಕು. ಮುಖ್ಯ ಮಾತೆಂದರೆ, ಸಲಹೆ ಕೊಟ್ಟ ಗ್ರಾಹಕರ ಹೂಡಿಕೆಯಿಂದ ಸಲಹೆಗಾರರು ಕಮಿಷನ್ ಮುಟ್ಟುವಂತಿಲ್ಲ; ಗ್ರಾಹಕರು ಕೊಡುವ ಶುಲ್ಕವೇ ಜೀವನ. ನಮ್ಮ ಕಡೆ ಕಣ್ಣಿಗೆ ಕಾಣದೆ ವರ್ಷಾ ವರ್ಷ ಹೋಗುವ ಕಮಿಷನ್ ಬಗ್ಗೆ ಯಾರೂ ಕೇಳುವುದಿಲ್ಲ. ಐದು ಸಾವಿರ ಶುಲ್ಕ ಎಂದರೆ 'ಬರೀ ಮಾತಿಗಾ?' ಎನ್ನುತ್ತಾರೆ. ಸಣ್ಣ ಊರಿನಲ್ಲಿ ಈ ವೃತ್ತಿ ಚಿಗುರದಿರುವುದಕ್ಕೆ ಪರೀಕ್ಷೆಗಿಂತ ಇದೇ ದೊಡ್ಡ ಕಾರಣ.

ನಂಬಿಕೆ ಮುರಿಯುವ ಬಗೆಯೂ ಅಕ್ಕನಿಗೆ ಗೊತ್ತು. ಕಾರ್ಡಿನಲ್ಲಿ ಸಹಿ ಇರುತ್ತದೆ, ಅಂಚೆ ಕಚೇರಿಗೆ ದುಡ್ಡು ಹೋಗಿರುವುದಿಲ್ಲ. ಇದು ಐದು ವರ್ಷದ ಕೊನೆಗೆ ಬಯಲಾಗುವುದುಂಟು, ಏಕೆಂದರೆ ಪಾಸ್‌ಬುಕ್ಕೂ ಏಜೆಂಟರ ಚೀಲದಲ್ಲೇ ಉಳಿದಿರುತ್ತದೆ. ಅದಕ್ಕೇ ಅಕ್ಕ ಪಾಸ್‌ಬುಕ್ ಇಟ್ಟುಕೊಳ್ಳುವುದಿಲ್ಲ. ಗ್ರಾಹಕರ ಮೊಬೈಲ್ ನಂಬರನ್ನು ಖಾತೆಗೆ ಸೇರಿಸದೆ ಮೊದಲ ಕಂತನ್ನೂ ತೆಗೆದುಕೊಳ್ಳುವುದಿಲ್ಲ. ತಮ್ಮನ್ನು ಪರೀಕ್ಷಿಸುವ ದಾರಿಯನ್ನು ತಾವೇ ತೋರಿಸಿಕೊಡುತ್ತಾರೆ.

ಈಗ ಹೊಸ ಖಾತೆಗಳು ಕಡಿಮೆ. ಕ್ವಾರ್ಟರ್ಸ್‌ಗಳಲ್ಲಿ ಬೀಗ ಬಿದ್ದ ಮನೆಗಳಿವೆ. ಕಾಗದ ಕಾರ್ಖಾನೆ ನಿಂತು ಬಹಳ ವರ್ಷವಾಯಿತು, ಉಕ್ಕಿನ ಕಾರ್ಖಾನೆ ಮುಚ್ಚುವ ಸುದ್ದಿ 2023ರಲ್ಲಿ ಊರನ್ನೇ ಅಲುಗಾಡಿಸಿತು. ಮಕ್ಕಳು ಬೆಂಗಳೂರಿನಲ್ಲಿದ್ದು ಮೊಬೈಲಿನಲ್ಲೇ ಡೈರೆಕ್ಟ್ ಪ್ಲಾನ್ ಕೊಳ್ಳುತ್ತಾರೆ. ಕಮಿಷನ್ ಉಳಿಯುತ್ತದೆ, ತಿಳಿದವರಿಗೆ ಅದೇ ಸರಿ ಎಂದು ಅಕ್ಕನೂ ಒಪ್ಪುತ್ತಾರೆ. ಅವರ ಮಗಳು ಈ ಕೆಲಸಕ್ಕೆ ಬರುವುದಿಲ್ಲವಂತೆ.

ಆದರೆ ನಿವೃತ್ತಿಯ ಹಣ ಹಿಡಿದು ಕೂತ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಬಾಗಿಲಿಗೆ ಬಂದವರನ್ನು ಎರಡು ಮಾತು ಕೇಳಲು ಹೇಳಿಕೊಡಿ: ನಿಮ್ಮ ನೋಂದಣಿ ಸಂಖ್ಯೆ ಏನು, ಇದರಲ್ಲಿ ನಿಮಗೆಷ್ಟು ಸಿಗುತ್ತದೆ? ಎಆರ್‌ಎನ್ ಇದ್ದರೆ ಆಂಫಿಯ ಜಾಲತಾಣದಲ್ಲಿ, ಐಎನ್‌ಎ ಎಂದು ಶುರುವಾಗುವ ಸಂಖ್ಯೆಯಿದ್ದರೆ ಸೆಬಿಯ ಜಾಲತಾಣದಲ್ಲಿ ಹೆಸರು ಸಿಗುತ್ತದೆ. ಎರಡನೆಯ ಪ್ರಶ್ನೆಗೆ ಸಿಟ್ಟು ಮಾಡಿಕೊಳ್ಳುವವರಿಗೆ ಚಹಾ ಕೊಟ್ಟು ಕಳುಹಿಸಿ, ಚೆಕ್ಕು ಕೊಡಬೇಡಿ.