ಮತ್ತೆ ಒತ್ತುವ ಮುನ್ನ ಎರಡು ಸೆಕೆಂಡು

ಟಿಕೆಟ್ ಬುಕ್ ಮಾಡುವ ಆ್ಯಪ್‌ನಲ್ಲಿ `Too Many Requests` ಎಂದು ಬಂದರೆ ನೆಟ್‌ವರ್ಕ್ ಕೈಕೊಟ್ಟಿತು ಎಂದುಕೊಳ್ಳುವವರೇ ಹೆಚ್ಚು. ಹಾಗೇನೂ ಇಲ್ಲ. ನಿಮ್ಮ ಕೋರಿಕೆ ಸರ್ವರ್‌ಗೆ ಸರಿಯಾಗಿಯೇ ತಲುಪಿದೆ, ಸರ್ವರೇ ಅದನ್ನು ಬಾಗಿಲಲ್ಲೇ ತಡೆದು ವಾಪಸು ಕಳಿಸಿದೆ. ಇದಕ್ಕೆ 429 ಎಂಬ ಸಂಖ್ಯೆ 2012ರಲ್ಲಿ ಗೊತ್ತಾಯಿತು.

ಸರ್ವರ್ ಇದರ ಲೆಕ್ಕ ಇಡುವ ಒಂದು ಸಾಮಾನ್ಯ ವಿಧಾನಕ್ಕೆ ಟೋಕನ್ ಬಕೆಟ್ ಎನ್ನುತ್ತಾರೆ. ನಿಮ್ಮ ಹೆಸರಿನ ಬಕೆಟ್‌ನಲ್ಲಿ 10 ಟೋಕನ್ ಇವೆ ಎನ್ನಿ. ಒಂದು ಕೋರಿಕೆಗೆ ಒಂದು ಟೋಕನ್ ಖರ್ಚು, ಸೆಕೆಂಡಿಗೊಂದು ಹೊಸದು ಜಮೆ. ಹತ್ತು ತುಂಬಿದ ಮೇಲೆ ಜಮೆ ನಿಲ್ಲುತ್ತದೆ.

ನೀವು ಒಮ್ಮೆ ಪರದೆ ಎಳೆದು ರಿಫ್ರೆಶ್ ಮಾಡಿದರೆ ಆ್ಯಪ್ ಒಂದೇ ಕೋರಿಕೆ ಕಳಿಸುತ್ತದೆಂದೇನಿಲ್ಲ. ಪ್ರೊಫೈಲ್, ಆಸನಗಳ ಪಟ್ಟಿ, ದರ, ಜಾಹೀರಾತು ಎಂದು ನಾಲ್ಕು ಹೋಗಬಹುದು. ಅವಸರದಲ್ಲಿ ಒಂದೇ ಸೆಕೆಂಡಿನೊಳಗೆ ಮೂರು ಸಲ ಎಳೆದರೆ ಹನ್ನೆರಡಾಯಿತು. ಹತ್ತಕ್ಕೆ ಉತ್ತರ ಬರುತ್ತದೆ, ಉಳಿದೆರಡಕ್ಕೆ ಹೀಗೆ:

```
HTTP/1.1 429 Too Many Requests
Retry-After: 2
```

ಎರಡು ಸೆಕೆಂಡು ತಡೆದು ಬಾ ಎಂದು ಸರ್ವರೇ ಹೇಳಿದೆ. ಕೆಟ್ಟದಾಗಿ ಬರೆದ ಆ್ಯಪ್ ಈ ಎರಡನೆಯ ಸಾಲನ್ನು ಓದುವುದೇ ಇಲ್ಲ, ಮರುಕ್ಷಣವೇ ಮತ್ತೆ ಕೇಳುತ್ತದೆ. ತಿರಸ್ಕರಿಸಿದ ಕೋರಿಕೆಯನ್ನೂ ಲೆಕ್ಕಕ್ಕೆ ಹಿಡಿಯುವ ಸರ್ವರ್‌ಗಳಿವೆ. ಅಂಥ ಕಡೆ ಹಟ ಹಿಡಿದಷ್ಟೂ ಬಾಗಿಲು ಮುಚ್ಚಿಯೇ ಇರುತ್ತದೆ.

ಎಷ್ಟು ಕಾಯಬೇಕೆಂದು ಸರ್ವರ್ ಹೇಳದಿದ್ದಾಗ ಆ್ಯಪ್ ತಾನೇ ಹಿಂದೆ ಸರಿಯಬೇಕು. ಮೊದಲು 1 ಸೆಕೆಂಡು, ಆಮೇಲೆ 2, 4, 8 ಹೀಗೆ ದುಪ್ಪಟ್ಟು ಮಾಡುತ್ತಾ ಕಾಯುವುದು ಬ್ಯಾಕ್‌ಆಫ್. ಅದಕ್ಕೊಂದು ಗರಿಷ್ಠ ಮಿತಿ ಇಟ್ಟು, ನಾಲ್ಕೈದು ಯತ್ನದ ನಂತರ ಕೈಬಿಟ್ಟು ಬಳಕೆದಾರನಿಗೆ ತಿಳಿಸುವುದು ಮರ್ಯಾದೆಯ ಕೆಲಸ.

ಇಷ್ಟೂ ಮಾಡಿ ಎಡವುವ ಜಾಗ ಒಂದಿದೆ. ಒಬ್ಬೊಬ್ಬರಿಗಲ್ಲದೆ ಇಡೀ ಸೇವೆಗೂ ಮಿತಿ ಇರಬಹುದು. ಹತ್ತು ಗಂಟೆಗೆ ಬುಕಿಂಗ್ ತೆರೆದು, ಅದೇ ಕ್ಷಣ ಸಾವಿರ ಫೋನ್‌ಗಳಿಗೆ 429 ಬಂತೆನ್ನಿ. ಎಲ್ಲವೂ ಕರಾರುವಾಕ್ಕಾಗಿ ಒಂದು ಸೆಕೆಂಡು ಕಾದರೆ, ಮುಂದಿನ ಸೆಕೆಂಡಿಗೆ ಸಾವಿರವೂ ಒಟ್ಟಿಗೇ ಮುಗಿಬೀಳುತ್ತವೆ. ಆಮೇಲೆ ಎರಡು ಸೆಕೆಂಡು ಬಿಟ್ಟು ಉಳಿದವು ಮತ್ತೆ ಒಟ್ಟಿಗೆ. ಅದಕ್ಕೇ 8 ಸೆಕೆಂಡಿನ ಸರದಿ ಬಂದಾಗ ಪ್ರತಿ ಫೋನೂ ಸೊನ್ನೆಯಿಂದ ಎಂಟರೊಳಗೆ ಚೀಟಿ ಎತ್ತಿದಂತೆ ಒಂದು ಹೊತ್ತನ್ನು ಆರಿಸಿಕೊಳ್ಳಬೇಕು. ಪ್ರೋಗ್ರಾಮರ್‌ಗಳು ಜಿಟರ್ ಎನ್ನುವುದು ಇದನ್ನೇ. ಒಂದೇ ಸಾಲಿನ ಕೋಡ್, ಆದರೂ ಬಿಟ್ಟುಹೋಗುವುದು ಹೆಚ್ಚಾಗಿ ಅದೇ.

ಒಮ್ಮೊಮ್ಮೆ ತಪ್ಪು ನಿಮ್ಮದೂ ಅಲ್ಲ, ಆ್ಯಪ್‌ನದೂ ಅಲ್ಲ. ಲಾಗಿನ್ ಆಗದೆ ಗಿಟ್‌ಹಬ್‌ನ ಎಪಿಐ ಬಳಸುವವರಿಗೆ ಒಂದು ಐಪಿ ವಿಳಾಸಕ್ಕೆ ಗಂಟೆಗೆ 60 ಕೋರಿಕೆಗಳಷ್ಟೇ. ಮೂವತ್ತು ಮಂದಿಯ ಕಚೇರಿ ಒಂದೇ ವೈಫೈನಿಂದ, ಒಂದೇ ವಿಳಾಸದಲ್ಲಿ ಹೊರಗೆ ಹೋಗುತ್ತಿದ್ದರೆ ತಲೆಗೆ ಎರಡು ಬಂದೀತು. ಇಂಥ ಕಡೆ ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಹೋದ ಕೂಡಲೇ ಕೆಲಸ ನಡೆದರೆ, ಮಿತಿ ವಿಳಾಸಕ್ಕೆ ಬಿದ್ದದ್ದು ಎಂದು ತಿಳಿಯಬಹುದು. ಲಾಗಿನ್ ಆದರೆ ಲೆಕ್ಕ ನಿಮ್ಮ ಖಾತೆಗೆ ಬರುತ್ತದೆ, ಮಿತಿಯೂ ಗಂಟೆಗೆ 5,000ಕ್ಕೆ ಏರುತ್ತದೆ.