ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಕರ್ನಾಟಕದ ನದಿ, ರಾಷ್ಟ್ರೀಯ ಉದ್ಯಾನ ಮತ್ತು ಘಾಟಿಗಳ ಪ್ರಶ್ನೆಗಳು

ಕರ್ನಾಟಕ ಲೋಕಸೇವಾ ಆಯೋಗ (ಕೆಪಿಎಸ್‌ಸಿ), ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಮತ್ತು ಪೊಲೀಸ್ ಇಲಾಖೆ ನಡೆಸುವ ನೇಮಕಾತಿ ಪರೀಕ್ಷೆಗಳ ಸಾಮಾನ್ಯ ಜ್ಞಾನ ಪತ್ರಿಕೆಯಲ್ಲಿ ರಾಜ್ಯದ ನದಿಗಳು, ರಾಷ್ಟ್ರೀಯ ಉದ್ಯಾನಗಳು ಹಾಗೂ ಪಶ್ಚಿಮ ಘಟ್ಟದ ಕಣಿವೆ ಮಾರ್ಗಗಳನ್ನು ಕುರಿತ ಪ್ರಶ್ನೆಗಳು ಸ್ಥಿರ ಸಾಮಾನ್ಯ ಜ್ಞಾನ (ಸ್ಟ್ಯಾಟಿಕ್ ಜಿಕೆ) ಎಂಬ ವಿಭಾಗಕ್ಕೆ ಸೇರುತ್ತವೆ. ದಿನದಿನಕ್ಕೆ ಬದಲಾಗುವ ಪ್ರಚಲಿತ ವಿದ್ಯಮಾನಗಳಿಂದ ಇವುಗಳನ್ನು ಪ್ರತ್ಯೇಕಿಸಲು ಈ ಹೆಸರು ಬಳಕೆಯಲ್ಲಿದೆ. ಆದರೆ ಇಲ್ಲಿ ಸ್ಥಿರವಾಗಿರುವುದು ನದಿಯ ಹರಿವು ಮತ್ತು ಬೆಟ್ಟದ ಸ್ಥಾನ ಮಾತ್ರ. ಅವುಗಳನ್ನು ಗುರುತಿಸಲು ಪ್ರಶ್ನೆಯಲ್ಲಿ ಬಳಸುವ ಜಿಲ್ಲೆಯ ಹೆಸರು, ಹೆದ್ದಾರಿಯ ಸಂಖ್ಯೆ ಮತ್ತು ಅರಣ್ಯದ ಕಾನೂನಾತ್ಮಕ ದರ್ಜೆಗಳು ಸರ್ಕಾರದ ಅಧಿಸೂಚನೆಗಳಿಂದ ಬದಲಾಗುತ್ತವೆ. ಈ ವಿಭಾಗದ ತಪ್ಪು ಉತ್ತರಗಳಲ್ಲಿ ಅನೇಕವು ಈ ವ್ಯತ್ಯಾಸವನ್ನು ಗಮನಿಸದಿರುವುದರಿಂದ ಉಂಟಾಗುತ್ತವೆ.

## ಪ್ರಶ್ನೆಗಳ ಸ್ವರೂಪ

ಪ್ರಶ್ನೆಗಳು ಸಾಮಾನ್ಯವಾಗಿ ಮೂರು ರೂಪಗಳಲ್ಲಿರುತ್ತವೆ. ಮೊದಲನೆಯದು ನೇರ ಪ್ರಶ್ನೆ. ಉದಾಹರಣೆಗೆ, ತುಂಗಾ ಮತ್ತು ಭದ್ರಾ ನದಿಗಳು ಸೇರುವ ಸ್ಥಳ ಯಾವುದು ಎಂದು ಕೇಳಿದರೆ ಉತ್ತರ ಶಿವಮೊಗ್ಗ ಜಿಲ್ಲೆಯ ಕೂಡಲಿ. ಎರಡನೆಯದು ಎರಡು ಪಟ್ಟಿಗಳನ್ನು ಹೊಂದಿಸುವ ಪ್ರಶ್ನೆ. ಮೂರನೆಯದು ಎರಡು ಅಥವಾ ಮೂರು ಹೇಳಿಕೆಗಳನ್ನು ಕೊಟ್ಟು, ಅವುಗಳಲ್ಲಿ ಯಾವುವು ಸರಿ ಎಂದು ಕೇಳುವ ಪ್ರಶ್ನೆ.

ಅನೇಕ ಪರೀಕ್ಷೆಗಳಲ್ಲಿ ಪ್ರತಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ನಾಲ್ಕನೆಯ ಒಂದು ಭಾಗವನ್ನು ಕಳೆಯಲಾಗುತ್ತದೆ. ಆದುದರಿಂದ ಒಂದು ವಿಷಯವನ್ನು ಅರ್ಧ ತಿಳಿದಿರುವುದು, ಅದನ್ನು ಏನೂ ತಿಳಿಯದಿರುವುದು ಮತ್ತು ತಪ್ಪಾಗಿ ತಿಳಿದಿರುವುದು ಇವು ಮೂರೂ ಅಂಕಗಳಲ್ಲಿ ಬೇರೆ ಬೇರೆ ಫಲ ಕೊಡುತ್ತವೆ.

## ನದಿಗಳು: ಅಳತೆಯ ಮಾನದಂಡ

ಕರ್ನಾಟಕದ ಅತ್ಯಂತ ಉದ್ದವಾದ ನದಿ ಯಾವುದು ಎಂಬುದು ಸರಳ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಉತ್ತರವು ಅಳತೆಯ ಮಾನದಂಡವನ್ನು ಅವಲಂಬಿಸಿದೆ. ಕೃಷ್ಣಾ ನದಿಯು ಮಹಾರಾಷ್ಟ್ರದ ಮಹಾಬಲೇಶ್ವರದ ಬಳಿ ಹುಟ್ಟಿ ಸುಮಾರು 1,400 ಕಿ.ಮೀ. ಹರಿಯುತ್ತದೆ, ಅದರಲ್ಲಿ ಸುಮಾರು 480 ಕಿ.ಮೀ. ಕರ್ನಾಟಕದಲ್ಲಿದೆ. ಕಾವೇರಿಯು ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿ ಸುಮಾರು 800 ಕಿ.ಮೀ. ಹರಿಯುತ್ತದೆ, ಅದರಲ್ಲಿ ಸುಮಾರು 320 ಕಿ.ಮೀ. ರಾಜ್ಯದೊಳಗಿದೆ. ಒಟ್ಟು ಉದ್ದವನ್ನು ಅಥವಾ ರಾಜ್ಯದೊಳಗಿನ ಉದ್ದವನ್ನು ಕೇಳಿದರೆ ಕೃಷ್ಣಾ ಸರಿಯಾದ ಉತ್ತರ. 'ಕರ್ನಾಟಕದಲ್ಲಿ ಹುಟ್ಟುವ' ಎಂಬ ಎರಡು ಪದಗಳು ಪ್ರಶ್ನೆಯಲ್ಲಿ ಸೇರಿದರೆ ಉತ್ತರ ಕಾವೇರಿ ಆಗುತ್ತದೆ.

ಹೇಳಿಕೆ ರೂಪದ ಪ್ರಶ್ನೆಗಳಿಗೆ ಸೂಕ್ತವಾದ ಇನ್ನೊಂದು ಸ್ಥಳ ಕುದುರೆಮುಖ ಪ್ರದೇಶದ ಗಂಗಾಮೂಲ. ತುಂಗಾ, ಭದ್ರಾ ಮತ್ತು ನೇತ್ರಾವತಿ ಮೂರೂ ಇಲ್ಲಿ ಹುಟ್ಟುತ್ತವೆ ಎಂದು ಪಠ್ಯಗಳು ಹೇಳುತ್ತವೆ. ತುಂಗಾ ಮತ್ತು ಭದ್ರಾ ಕೂಡಲಿಯಲ್ಲಿ ಒಂದಾಗಿ ತುಂಗಭದ್ರೆಯಾಗಿ, ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತವೆ. ನೇತ್ರಾವತಿಯು ಘಟ್ಟವನ್ನಿಳಿದು ಮಂಗಳೂರಿನ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಉಗಮಸ್ಥಾನ ಒಂದೇ ಆದರೂ ನದಿಗಳು ಎರಡು ದಿಕ್ಕಿಗೆ ಹರಿಯುವುದಕ್ಕೆ ಕಾರಣ, ಆ ಬೆಟ್ಟಸಾಲು ಪೂರ್ವ ಮತ್ತು ಪಶ್ಚಿಮದ ನೀರನ್ನು ಬೇರ್ಪಡಿಸುವ ಜಲವಿಭಾಜಕವಾಗಿರುವುದು. ಒಂದೆಡೆ ಹುಟ್ಟಿದ ನದಿಗಳು ಒಂದೇ ಸಮುದ್ರವನ್ನು ಸೇರುತ್ತವೆ ಎಂಬ ಊಹೆಯನ್ನು ಪರೀಕ್ಷಿಸಲು ಈ ಸಂಗತಿ ಅನುಕೂಲವಾಗಿದೆ.

## ರಾಷ್ಟ್ರೀಯ ಉದ್ಯಾನಗಳು: ಐದು ಮತ್ತು ಐದು

ಕರ್ನಾಟಕದಲ್ಲಿ ಐದು ರಾಷ್ಟ್ರೀಯ ಉದ್ಯಾನಗಳಿವೆ: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ ಮತ್ತು ಅಣಶಿ. ಹುಲಿ ಸಂರಕ್ಷಿತ ಪ್ರದೇಶಗಳೂ ಐದು: ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ ಮತ್ತು ಬಿಳಿಗಿರಿರಂಗನಾಥಸ್ವಾಮಿ ದೇವಾಲಯ (ಬಿಆರ್‌ಟಿ). ಸಂಖ್ಯೆ ಸಮನಾಗಿರುವುದರಿಂದ ಎರಡು ಪಟ್ಟಿಗಳೂ ಒಂದೇ ಎಂಬ ಭ್ರಮೆ ಹುಟ್ಟುತ್ತದೆ.

ಇವು ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಬೇರೆ ಬೇರೆ ಸೆಕ್ಷನ್‌ಗಳ ಅಡಿಯಲ್ಲಿ ಬರುವ ದರ್ಜೆಗಳು. ರಾಷ್ಟ್ರೀಯ ಉದ್ಯಾನವನ್ನು ಸೆಕ್ಷನ್ 35ರ ಅಡಿಯಲ್ಲಿ ಘೋಷಿಸಲಾಗುತ್ತದೆ. ಹುಲಿ ಸಂರಕ್ಷಿತ ಪ್ರದೇಶವನ್ನು 2006ರ ತಿದ್ದುಪಡಿಯಿಂದ ಸೇರಿಸಲಾದ ಸೆಕ್ಷನ್ 38ವಿ ಅಡಿಯಲ್ಲಿ ಅಧಿಸೂಚಿಸಲಾಗುತ್ತದೆ, ಮತ್ತು ಅದರೊಳಗೆ ರಾಷ್ಟ್ರೀಯ ಉದ್ಯಾನವಾಗಲಿ ವನ್ಯಜೀವಿಧಾಮವಾಗಲಿ ಇರಬಹುದು. ಬನ್ನೇರುಘಟ್ಟ ಮತ್ತು ಕುದುರೆಮುಖ ರಾಷ್ಟ್ರೀಯ ಉದ್ಯಾನಗಳಾಗಿದ್ದರೂ ಹುಲಿ ಸಂರಕ್ಷಿತ ಪ್ರದೇಶಗಳಲ್ಲ. ಭದ್ರಾ ಮತ್ತು ಬಿಆರ್‌ಟಿ ಹುಲಿ ಸಂರಕ್ಷಿತ ಪ್ರದೇಶಗಳಾಗಿದ್ದರೂ ರಾಷ್ಟ್ರೀಯ ಉದ್ಯಾನಗಳಲ್ಲ, ಅವು ವನ್ಯಜೀವಿಧಾಮಗಳು.

ಎರಡು ಹೆಸರುಗಳು ವಿಶೇಷ ಗೊಂದಲಕ್ಕೆ ಎಡೆಮಾಡುತ್ತವೆ. ಅಣಶಿ ರಾಷ್ಟ್ರೀಯ ಉದ್ಯಾನ ಮತ್ತು ದಾಂಡೇಲಿ ವನ್ಯಜೀವಿಧಾಮಗಳನ್ನು ಒಳಗೊಂಡ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶಕ್ಕೆ 2015ರಲ್ಲಿ ಕಾಳಿ ನದಿಯ ಹೆಸರನ್ನು ಇಡಲಾಯಿತು. ಹೀಗಾಗಿ ರಾಷ್ಟ್ರೀಯ ಉದ್ಯಾನಗಳ ಪಟ್ಟಿಯಲ್ಲಿ ಅಣಶಿಯನ್ನೂ ಹುಲಿ ಸಂರಕ್ಷಿತ ಪ್ರದೇಶಗಳ ಪಟ್ಟಿಯಲ್ಲಿ ಕಾಳಿಯನ್ನೂ ಹುಡುಕಬೇಕು. ಭದ್ರಾ ನದಿಯ ಉಗಮ ಕುದುರೆಮುಖ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಯಲ್ಲಿದ್ದರೂ, ಭದ್ರಾ ಹುಲಿ ಸಂರಕ್ಷಿತ ಪ್ರದೇಶವು ಅದಕ್ಕಿಂತ ಬೇರೆಯಾದ, ಮುತ್ತೋಡಿ ಮತ್ತು ಲಕ್ಕವಳ್ಳಿ ಅರಣ್ಯಗಳನ್ನೊಳಗೊಂಡ ಪ್ರದೇಶ. ಬಂಡೀಪುರ ಮತ್ತು ನಾಗರಹೊಳೆಗಳ ವಿಷಯದಲ್ಲಿ ನದಿಯೇ ನೆರವಾಗುತ್ತದೆ. ಕಬಿನಿ (ಕಪಿಲಾ) ನದಿ ಮತ್ತು ಅದರ ಜಲಾಶಯವು ಇವೆರಡರ ನಡುವೆ ಇದೆ.

## ಘಾಟಿಗಳು: ಜಿಲ್ಲೆ ಮತ್ತು ಹೆದ್ದಾರಿ

ಮಲೆನಾಡನ್ನು ಕರಾವಳಿಯೊಂದಿಗೆ ಜೋಡಿಸುವ ಮುಖ್ಯ ಘಾಟಿಗಳನ್ನು ಉತ್ತರದಿಂದ ದಕ್ಷಿಣಕ್ಕೆ ಕ್ರಮವಾಗಿ ಹೀಗೆ ಗುರುತಿಸಬಹುದು. ಹುಲಿಕಲ್ ಮತ್ತು ಆಗುಂಬೆ ಘಾಟಿಗಳು ಶಿವಮೊಗ್ಗ ಜಿಲ್ಲೆಯಿಂದ ಉಡುಪಿ ಜಿಲ್ಲೆಗೆ ಇಳಿಯುತ್ತವೆ. ಚಾರ್ಮಾಡಿ ಘಾಟಿಯು ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಕಡೆಯಿಂದ, ಶಿರಾಡಿ ಘಾಟಿಯು ಹಾಸನ ಜಿಲ್ಲೆಯ ಸಕಲೇಶಪುರದ ಕಡೆಯಿಂದ, ಸಂಪಾಜೆ ಘಾಟಿಯು ಕೊಡಗಿನ ಮಡಿಕೇರಿಯ ಕಡೆಯಿಂದ ದಕ್ಷಿಣ ಕನ್ನಡ ಜಿಲ್ಲೆಗೆ ಇಳಿಯುತ್ತವೆ.

ಉಡುಪಿ ಜಿಲ್ಲೆಯು 1997ರಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟಿತು. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ಆಗುಂಬೆಯು ಶಿವಮೊಗ್ಗ ಮತ್ತು ದಕ್ಷಿಣ ಕನ್ನಡಗಳನ್ನು ಜೋಡಿಸುತ್ತದೆ ಎಂದಿದ್ದುದು ಆಗ ಸರಿಯಾಗಿತ್ತು, ಈಗ ತಪ್ಪಾಗಿದೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಹೊಸಪೇಟೆ ಬಳಿಯ ತುಂಗಭದ್ರಾ ಅಣೆಕಟ್ಟೆಯ ಜಿಲ್ಲೆಯೂ ಇದೇ ರೀತಿ ಬದಲಾಯಿತು. ಅದು ಈಗ ಬಳ್ಳಾರಿ ಜಿಲ್ಲೆಗೆ ಸೇರಿಲ್ಲ.

ಹೆದ್ದಾರಿಗಳ ವಿಷಯದಲ್ಲಿ ತಪ್ಪು ಇನ್ನೂ ಸುಲಭವಾಗಿ ನುಸುಳುತ್ತದೆ. ಶಿರಾಡಿ ಘಾಟಿಯ ಮೂಲಕ ಹೋಗುವ ಬೆಂಗಳೂರು-ಮಂಗಳೂರು ಹೆದ್ದಾರಿಯು ಹಿಂದೆ ರಾಷ್ಟ್ರೀಯ ಹೆದ್ದಾರಿ 48 ಆಗಿತ್ತು. 2010ರ ಮರುಸಂಖ್ಯೀಕರಣದ ನಂತರ ಅದು 75 ಆಗಿದೆ. 48 ಎಂಬ ಸಂಖ್ಯೆಯು ಇಲ್ಲವಾಗಲಿಲ್ಲ. ಅದು ಈಗ ಬೆಳಗಾವಿ, ಹುಬ್ಬಳ್ಳಿ ಮತ್ತು ತುಮಕೂರುಗಳ ಮೂಲಕ ಬೆಂಗಳೂರಿಗೆ ಬರುವ, ಹಿಂದೆ 4 ಎಂದು ಕರೆಯಲಾಗುತ್ತಿದ್ದ ಹೆದ್ದಾರಿಗೆ ಸೇರಿದೆ. ಹಳೆಯ ಸಂಖ್ಯೆಯು ಇನ್ನೊಂದು ರಸ್ತೆಯ ಹೆಸರಾಗಿ ಜೀವಂತವಾಗಿರುವುದರಿಂದ, ಆಯ್ಕೆಗಳಲ್ಲಿ 48 ಕಂಡಾಗ ಅದು ಹಳತೆಂಬ ಅನುಮಾನವೇ ಬರುವುದಿಲ್ಲ.

ಪದಬಳಕೆಯೂ ಗಮನಾರ್ಹ. ಕನ್ನಡದಲ್ಲಿ 'ಕಣಿವೆ' ಎಂಬ ಪದವು ಎರಡು ಬೆಟ್ಟಗಳ ನಡುವಿನ ತಗ್ಗು ಪ್ರದೇಶವನ್ನೂ, ಬೆಟ್ಟಸಾಲನ್ನು ದಾಟುವ ಇಕ್ಕಟ್ಟಾದ ದಾರಿಯನ್ನೂ ಸೂಚಿಸುತ್ತದೆ. ಇಂಗ್ಲಿಷ್‌ನಲ್ಲಿ ಇವೆರಡಕ್ಕೂ ಬೇರೆ ಪದಗಳಿವೆ. ಇಂಗ್ಲಿಷ್‌ನಿಂದ ಅನುವಾದವಾದ ಪ್ರಶ್ನೆಯಲ್ಲಿ 'ಕಣಿವೆ' ಎಂದಷ್ಟೇ ಇದ್ದರೆ, ಆಯ್ಕೆಗಳನ್ನು ಅಥವಾ ಇಂಗ್ಲಿಷ್ ರೂಪವನ್ನು ನೋಡಿದ ಮೇಲೆಯೇ ಕೇಳಿರುವುದು ಯಾವುದೆಂದು ಸ್ಪಷ್ಟವಾಗುತ್ತದೆ.

## ಒಂದು ಮಾದರಿ ಪ್ರಶ್ನೆಯ ವಿಶ್ಲೇಷಣೆ

ಕೆಳಗಿನದು ವಿವರಣೆಗಾಗಿ ರಚಿಸಲಾದ ಮಾದರಿ ಪ್ರಶ್ನೆ.

ಘಾಟಿಗಳನ್ನು ಅವು ಜೋಡಿಸುವ ಜಿಲ್ಲೆಗಳೊಂದಿಗೆ ಹೊಂದಿಸಿ.

ಘಾಟಿಗಳು: ಅ. ಸಂಪಾಜೆ, ಆ. ಆಗುಂಬೆ, ಇ. ಶಿರಾಡಿ, ಈ. ಚಾರ್ಮಾಡಿ

ಜಿಲ್ಲೆಗಳು: 1. ಹಾಸನ–ದಕ್ಷಿಣ ಕನ್ನಡ, 2. ಕೊಡಗು–ದಕ್ಷಿಣ ಕನ್ನಡ, 3. ಚಿಕ್ಕಮಗಳೂರು–ದಕ್ಷಿಣ ಕನ್ನಡ, 4. ಶಿವಮೊಗ್ಗ–ಉಡುಪಿ

ಎ) ಅ-2, ಆ-4, ಇ-1, ಈ-3
ಬಿ) ಅ-2, ಆ-4, ಇ-3, ಈ-1
ಸಿ) ಅ-1, ಆ-4, ಇ-2, ಈ-3
ಡಿ) ಅ-3, ಆ-2, ಇ-1, ಈ-4

ಆಗುಂಬೆ ಶಿವಮೊಗ್ಗ ಜಿಲ್ಲೆಯದೆಂದು ಮಾತ್ರ ತಿಳಿದಿರುವ ಅಭ್ಯರ್ಥಿಗೆ ಡಿ ಒಂದನ್ನೇ ತಳ್ಳಿಹಾಕಲು ಸಾಧ್ಯ, ಏಕೆಂದರೆ ಉಳಿದ ಮೂರರಲ್ಲಿಯೂ ಆ-4 ಇದೆ. ಎಲ್ಲರಿಗೂ ತಿಳಿದಿರುವ ಜೋಡಿಯನ್ನು ಹಲವು ಆಯ್ಕೆಗಳಲ್ಲಿ ಇರಿಸುವುದರಿಂದ ಆ ತಿಳಿವಳಿಕೆಯ ಬೆಲೆ ಕಡಿಮೆಯಾಗುತ್ತದೆ. ಸಂಪಾಜೆ ಕೊಡಗಿನದೆಂದು ತಿಳಿದಿದ್ದರೆ ಸಿ ಕೂಡ ಹೋಗುತ್ತದೆ. ಉಳಿದ ಎ ಮತ್ತು ಬಿ ಆಯ್ಕೆಗಳಿಗೆ ಇರುವ ವ್ಯತ್ಯಾಸ ಶಿರಾಡಿ ಮತ್ತು ಚಾರ್ಮಾಡಿಗಳದ್ದು ಮಾತ್ರ. ಎರಡೂ ದಕ್ಷಿಣ ಕನ್ನಡಕ್ಕೇ ಇಳಿಯುವುದರಿಂದ ಕೆಳಗಿನ ಜಿಲ್ಲೆಯಿಂದ ಪ್ರಯೋಜನವಿಲ್ಲ. ಘಟ್ಟದ ಮೇಲಿನ ಊರನ್ನು ನೆನಪಿಸಿಕೊಳ್ಳಬೇಕು. ಸಕಲೇಶಪುರ ಹಾಸನ ಜಿಲ್ಲೆಯಲ್ಲಿದೆ, ಆದ್ದರಿಂದ ಶಿರಾಡಿಗೆ 1. ಸರಿಯಾದ ಉತ್ತರ ಎ.

ಒಂದು ಅಂಕದ ಈ ಪ್ರಶ್ನೆಯಲ್ಲಿ ತಪ್ಪಿಗೆ 0.25 ಅಂಕ ಕಡಿತವೆಂದಿಟ್ಟುಕೊಂಡರೆ ಊಹೆಯ ಲಾಭವನ್ನು ಲೆಕ್ಕ ಹಾಕಬಹುದು. ನಾಲ್ಕೂ ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಗುರುತಿಸಿದರೆ ಸರಾಸರಿ ಲಾಭ ಸುಮಾರು 0.06 ಅಂಕ. ಒಂದನ್ನು ತಳ್ಳಿಹಾಕಿದ್ದರೆ ಅದು ಸುಮಾರು 0.17, ಎರಡನ್ನು ತಳ್ಳಿಹಾಕಿದ್ದರೆ ಸುಮಾರು 0.38. ಈ ಲೆಕ್ಕವು ತಳ್ಳಿಹಾಕಿದ್ದು ಸರಿಯಾಗಿದ್ದಾಗ ಮಾತ್ರ ನಿಲ್ಲುತ್ತದೆ. ಹಳೆಯ ಪುಸ್ತಕವನ್ನು ನಂಬಿ ಸರಿಯಾದ ಆಯ್ಕೆಯನ್ನೇ ತಳ್ಳಿಹಾಕಿದವರಿಗೆ ಉಳಿದ ಯಾವುದನ್ನು ಗುರುತಿಸಿದರೂ 0.25 ಅಂಕ ನಷ್ಟ ಖಚಿತ.

## ಕೀ ಉತ್ತರ ಮತ್ತು ಆಕ್ಷೇಪಣೆ

ಪರೀಕ್ಷೆಯ ನಂತರ ನೇಮಕಾತಿ ಸಂಸ್ಥೆಯು ತಾತ್ಕಾಲಿಕ ಕೀ ಉತ್ತರಗಳನ್ನು ಜಾಲತಾಣದಲ್ಲಿ ಪ್ರಕಟಿಸಿ, ನಿಗದಿತ ದಿನಾಂಕದೊಳಗೆ ಆಕ್ಷೇಪಣೆಗಳನ್ನು ಆಹ್ವಾನಿಸುತ್ತದೆ. ಆಕ್ಷೇಪಣೆಯೊಂದಿಗೆ ದಾಖಲೆಯನ್ನು ಸಲ್ಲಿಸಬೇಕು. ವಿಷಯ ತಜ್ಞರ ಪರಿಶೀಲನೆಯ ನಂತರ ಅಂತಿಮ ಕೀ ಉತ್ತರಗಳು ಹೊರಬರುತ್ತವೆ.

ಈ ವಿಭಾಗದ ವಿವಾದಗಳಲ್ಲಿ ದಾಖಲೆಯ ಆಯ್ಕೆ ನಿರ್ಣಾಯಕವಾಗುತ್ತದೆ. ಜಿಲ್ಲೆ, ಹೆದ್ದಾರಿ ಮತ್ತು ಅರಣ್ಯದ ದರ್ಜೆಗಳ ವಿಷಯದಲ್ಲಿ ಮೂಲ ದಾಖಲೆಯೆಂದರೆ ಸರ್ಕಾರದ ಅಧಿಸೂಚನೆ; ಮಾರ್ಗದರ್ಶಿ ಪುಸ್ತಕವು ಅದನ್ನು ಆಧರಿಸಿದ ಎರಡನೆಯ ಹಂತದ ಮಾಹಿತಿ. ನದಿಯ ಉದ್ದದಂತಹ ಅಂಕಿಗಳು ಪುಸ್ತಕದಿಂದ ಪುಸ್ತಕಕ್ಕೆ ಕೆಲವು ಕಿಲೋಮೀಟರ್‌ಗಳಷ್ಟು ವ್ಯತ್ಯಾಸವಾಗುವುದುಂಟು. ಅಂತಹ ವ್ಯತ್ಯಾಸವು ನದಿಗಳ ಉದ್ದದ ಕ್ರಮವನ್ನು ಬದಲಿಸದಿದ್ದರೆ ಉತ್ತರವೂ ಬದಲಾಗುವುದಿಲ್ಲ. ಪ್ರಶ್ನೆಯಲ್ಲಿ ಮಾನದಂಡವನ್ನೇ ಹೇಳದೆ ಬಿಟ್ಟಿದ್ದು, ಅದರಿಂದ ಎರಡು ಆಯ್ಕೆಗಳೂ ಸರಿಯಾಗುವಂತಿದ್ದರೆ, ದೋಷವು ಅಭ್ಯರ್ಥಿಯದಲ್ಲ, ಪ್ರಶ್ನೆಯದು. ಅಂತಹ ಸಂದರ್ಭದಲ್ಲಿ ಆಕ್ಷೇಪಣೆಯಲ್ಲಿ ತನ್ನ ಉತ್ತರದ ಸಮರ್ಥನೆಯೊಂದಿಗೆ, ಎರಡು ಮಾನದಂಡಗಳು ಎರಡು ಉತ್ತರಗಳಿಗೆ ಹೇಗೆ ಒಯ್ಯುತ್ತವೆ ಎಂಬುದನ್ನು ದಾಖಲೆಸಹಿತ ತೋರಿಸಬೇಕಾಗುತ್ತದೆ.