ಬೆಕ್ಕಿಗೆ ಅಮಲೇರಿಸುವ ಗಿಡಗಳು: ಕ್ಯಾಟ್‌ನಿಪ್, ಸಿಲ್ವರ್‌ವೈನ್ ಮತ್ತು ಕುಪ್ಪಿಗಿಡ

ಕ್ಯಾಟ್‌ನಿಪ್ ಪುದೀನ, ತುಳಸಿಗಳ ಕುಟುಂಬಕ್ಕೆ ಸೇರಿದ ಸಣ್ಣ ಗಿಡ. ಸಿಲ್ವರ್‌ವೈನ್ ಕಿವಿ ಹಣ್ಣಿನ ಬಳಗದ ಬಳ್ಳಿ. ಜಪಾನ್, ಕೊರಿಯಾ, ಚೀನಾಗಳ ಬೆಟ್ಟಗಾಡಿನಲ್ಲಿ ಬೆಳೆಯುತ್ತದೆ. ಜಪಾನಿಗರು ಅದನ್ನು ಮತತಬಿ ಎನ್ನುತ್ತಾರೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇವೆರಡಕ್ಕೂ ಹತ್ತಿರದ ನಂಟಿಲ್ಲ. ಆದರೂ ಎರಡರ ವಾಸನೆಗೂ ಬೆಕ್ಕು ಒಂದೇ ರೀತಿ ವರ್ತಿಸುತ್ತದೆ: ಮೂಸುತ್ತದೆ, ನೆಕ್ಕುತ್ತದೆ, ಎಲೆಯನ್ನು ಜಗಿಯುತ್ತದೆ, ಗಲ್ಲ ಮತ್ತು ಕೆನ್ನೆಗಳನ್ನು ಅದಕ್ಕೆ ಉಜ್ಜುತ್ತದೆ, ಕೊನೆಗೆ ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಕೆಲವು ಬೆಕ್ಕುಗಳು ಜೊಲ್ಲನ್ನೂ ಸುರಿಸುತ್ತವೆ. ಐದರಿಂದ ಹದಿನೈದು ನಿಮಿಷದಲ್ಲಿ ಅಮಲು ಇಳಿಯುತ್ತದೆ. ಆಮೇಲೆ ಸುಮಾರು ಒಂದು ಗಂಟೆ ಅದೇ ಎಲೆಯನ್ನು ಮೂಗಿನ ಮುಂದೆ ಹಿಡಿದರೂ ಬೆಕ್ಕು ತಿರುಗಿ ನೋಡುವುದಿಲ್ಲ.

ಇವೆರಡೂ ತುಮಕೂರು ಜಿಲ್ಲೆಯ ಬಯಲಿನಲ್ಲಿ ತಾವಾಗಿ ಬೆಳೆಯುವ ಗಿಡಗಳಲ್ಲ. ಆದರೆ ಕೊರಟಗೆರೆ ತಾಲ್ಲೂಕಿನ ಸಿದ್ದರಬೆಟ್ಟದ ಸುತ್ತಲ ಊರುಗಳಲ್ಲಿ ಬೆಕ್ಕಿನ ಮೇಲೆ ಇದೇ ಪರಿಣಾಮ ಬೀರುವ ಇನ್ನೊಂದು ಗಿಡವಿದೆ. ಅದು ಕುಪ್ಪಿಗಿಡ. ಸಿದ್ದರಬೆಟ್ಟ ಗಿಡಮೂಲಿಕೆಗಳಿಗೆ ಹೆಸರಾದ ಬೆಟ್ಟವಾದರೂ ಕುಪ್ಪಿಗಿಡಕ್ಕಾಗಿ ಬೆಟ್ಟ ಹತ್ತಬೇಕಿಲ್ಲ. ಮಳೆ ಬಿದ್ದರೆ ತಿಪ್ಪೆಯ ಮಗ್ಗುಲು, ಬೇಲಿಸಾಲು, ಹೊಲದ ಬದು ಎಲ್ಲೆಂದರಲ್ಲಿ ಅದು ಏಳುತ್ತದೆ. ಮೊಣಕಾಲೆತ್ತರದ ಗಿಡ, ಗರಗಸದಂಥ ಅಂಚಿನ ಎಲೆ, ಉದ್ದನೆಯ ತೊಟ್ಟು. ನೆಟ್ಟಗೆ ನಿಂತ ಹೂಗೊಂಚಲಿನಲ್ಲಿ ಹೆಣ್ಣುಹೂಗಳನ್ನು ಹಸಿರು ಬಟ್ಟಲಿನಂಥ ಪುಟ್ಟ ಎಲೆಗಳು ಸುತ್ತುವರಿದಿರುತ್ತವೆ. ಇದನ್ನು ಗುರುತಿಸಲು ಈ ಬಟ್ಟಲೇ ಒಳ್ಳೆಯ ಗುರುತು.

ಕುಪ್ಪಿಗಿಡದ ವಿಶೇಷವೆಂದರೆ ಬೆಕ್ಕನ್ನು ಸೆಳೆಯುವುದು ಅದರ ಎಲೆಯಲ್ಲ, ಬೇರು. ಗಿಡ ನೆಲದಲ್ಲಿ ನಿಂತಿರುವಷ್ಟು ಕಾಲ ಬೆಕ್ಕು ಅದರ ಪಕ್ಕದಲ್ಲೇ ಸುಮ್ಮನೆ ನಡೆದುಹೋಗುತ್ತದೆ. ಕಳೆ ಕೀಳುವಾಗ ಬೇರು ಹೊರಬಂತೋ, ಬೆಕ್ಕು ಬಂದು ಅದರ ಮೇಲೆ ಉರುಳುತ್ತದೆ. ಆ ಬೇರಿನಲ್ಲಿ ಐಸೋಡೈಹೈಡ್ರೋನೆಪೆಟಲ್ಯಾಕ್ಟೋನ್ ಎಂಬ ವಸ್ತುವಿದೆ. ಹೆಸರು ಉದ್ದವಾದರೂ ಅದರ ಕುಲ ತಿಳಿಯುವುದು ಸುಲಭ: ಕ್ಯಾಟ್‌ನಿಪ್‌ನ ಮುಖ್ಯ ಘಾಟು ವಸ್ತು ನೆಪೆಟಲ್ಯಾಕ್ಟೋನ್, ಸಿಲ್ವರ್‌ವೈನ್‌ನದು ನೆಪೆಟಲ್ಯಾಕ್ಟೋಲ್. ಮೂರೂ ಇರಿಡಾಯ್ಡ್ ಎಂಬ ಒಂದೇ ಗುಂಪಿನ ರಾಸಾಯನಿಕಗಳು. ಸಂಬಂಧವಿಲ್ಲದ ಮೂರು ಗಿಡಗಳು ಬೆಕ್ಕಿಗೆ ಒಂದೇ ಗಿಡದಂತೆ ಕಾಣುವುದು ಇದರಿಂದ.

ಈ ವಸ್ತುಗಳು ಕೆಲಸ ಮಾಡುವುದು ಹೊಟ್ಟೆಯ ಮೂಲಕವಲ್ಲ, ಮೂಗಿನ ಮೂಲಕ. ಜಪಾನಿನ ಇವಾಟೆ ವಿಶ್ವವಿದ್ಯಾಲಯದ ಮಸಾವೊ ಮಿಯಾಝಾಕಿ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಮುಂದಿನ ಹಂತವನ್ನು ತೋರಿಸಿತು. ನೆಪೆಟಲ್ಯಾಕ್ಟೋಲ್ ಮೂಸಿದ ಬೆಕ್ಕಿನ ರಕ್ತದಲ್ಲಿ ಬೀಟಾ ಎಂಡಾರ್ಫಿನ್ ಏರಿತ್ತು. ಇದು ದೇಹ ತಾನೇ ತಯಾರಿಸಿಕೊಳ್ಳುವ, ಹಿತವೆನಿಸುವ, ನೋವು ತಗ್ಗಿಸುವ ವಸ್ತು. ಅಫೀಮಿನ ಪರಿಣಾಮವನ್ನು ತಡೆಯುವ ನಾಲಾಕ್ಸೋನ್ ಎಂಬ ಔಷಧಿ ಕೊಟ್ಟಾಗ ಅವೇ ಬೆಕ್ಕುಗಳ ಉಜ್ಜಾಟ, ಹೊರಳಾಟ ತಗ್ಗಿತು. ಅಂದರೆ ಗಿಡದ ವಾಸನೆ ಬೆಕ್ಕಿನ ದೇಹದಲ್ಲಿ ಮೊದಲೇ ಇರುವ ಹಿತದ ವ್ಯವಸ್ಥೆಯನ್ನು ಎಬ್ಬಿಸುತ್ತದೆ. ಹೊರಗಿನ ಮಾದಕ ವಸ್ತು ರಕ್ತಕ್ಕೆ ಸೇರುವ ಬಗೆಯದಲ್ಲ ಇದು. ಬೆಕ್ಕು ಇದರ ಚಟಕ್ಕೆ ಬೀಳುವುದು ಕಂಡುಬಂದಿಲ್ಲ.

ಬೆಕ್ಕಿಗೆ ಇದರಿಂದ ಲಾಭವೇನು? ಅದೇ ತಂಡ ಅದಕ್ಕೂ ಒಂದು ಉತ್ತರ ಕಂಡುಕೊಂಡಿತು. ನೆಪೆಟಲ್ಯಾಕ್ಟೋಲ್ ಮೆತ್ತಿಕೊಂಡ ಬೆಕ್ಕಿನ ತಲೆಯ ಮೇಲೆ ಸೊಳ್ಳೆಗಳು ಕೂರುವುದು ಗಣನೀಯವಾಗಿ ಕಡಿಮೆಯಾಯಿತು. ಎಲೆಯನ್ನು ಕಚ್ಚಿ ಹರಿಯುವುದೂ ವ್ಯರ್ಥವಲ್ಲ. ಹರಿದ ಸಿಲ್ವರ್‌ವೈನ್ ಎಲೆಯಿಂದ ಈ ವಸ್ತುಗಳು ಹತ್ತು ಪಟ್ಟಿಗೂ ಹೆಚ್ಚು ಹೊರಬರುತ್ತವೆ ಎಂದು 2022ರ ಅಧ್ಯಯನ ತಿಳಿಸಿತು. ಹುಲ್ಲುಪೊದೆಯಲ್ಲಿ ಹೊಂಚುಹಾಕಿ ಕಾಯುವ ಪ್ರಾಣಿಗೆ ಸೊಳ್ಳೆಕಾಟ ತಪ್ಪುವುದು ಸಣ್ಣ ಅನುಕೂಲವಲ್ಲ. ಮಿಯಾಝಾಕಿ ತಂಡದ ಪ್ರಯೋಗದಲ್ಲಿ ಅದೇ ವಾಸನೆಗೆ ಚಿರತೆ, ಜಾಗ್ವಾರ್‌ಗಳೂ ಮೈಯುಜ್ಜಿದವು. ನಾಯಿಗಳು ಗಮನವನ್ನೇ ಕೊಡಲಿಲ್ಲ.

ಎಲ್ಲ ಬೆಕ್ಕುಗಳೂ ಹೀಗೆ ಹೊರಳುವುದಿಲ್ಲ. ಮೂರರಲ್ಲಿ ಒಂದು ಬೆಕ್ಕು ಕ್ಯಾಟ್‌ನಿಪ್ ಮೂಸಿ ಹಾಗೇ ಹೋಗುತ್ತದೆ. ಮುಖ್ಯ ಕಾರಣ ಅನುವಂಶಿಕತೆ. 1962ರಲ್ಲಿ ನೀಲ್ ಟಾಡ್ ಇದು ಒಂದೇ ಪ್ರಬಲ ಜೀನಿನಿಂದ ಬರುವ ಗುಣ ಎಂದರು. ನಂತರದ ಅಧ್ಯಯನಗಳು ಹಲವು ಜೀನುಗಳ ಪಾಲಿದೆ ಎಂದು ಸೂಚಿಸುತ್ತವೆ. ವಯಸ್ಸೂ ಕಾರಣ: ಕೆಲವೇ ತಿಂಗಳ ಮರಿಗಳು ಸಾಮಾನ್ಯವಾಗಿ ಪ್ರತಿಕ್ರಿಯಿಸುವುದಿಲ್ಲ. ಹೊಸ ಮನೆಗೆ ಬಂದು ಮಂಚದಡಿ ಅವಿತ ಬೆಕ್ಕು ಕೂಡ ಹೊರಳುವುದಿಲ್ಲ. ಇನ್ನು ಕೆಲವು ಬೆಕ್ಕುಗಳು ಕುಣಿಯುವ ಬದಲು ಮುಂಗಾಲು ಮಡಿಸಿ ಸುಮ್ಮನೆ ಕುಳಿತುಬಿಡುತ್ತವೆ. ಅದೂ ಪ್ರತಿಕ್ರಿಯೆಯೇ; ನೋಡುವವರು ಅದನ್ನು ಉದಾಸೀನವೆಂದು ತಿಳಿಯುತ್ತಾರೆ.

ಕ್ಯಾಟ್‌ನಿಪ್ ಒಲ್ಲದ ಬೆಕ್ಕಿಗೆ ಸಿಲ್ವರ್‌ವೈನ್ ಕೊಟ್ಟು ನೋಡುವುದು ಒಳ್ಳೆಯದು. 2017ರಲ್ಲಿ ಪ್ರಕಟವಾದ, ನೂರು ಬೆಕ್ಕುಗಳ ಮೇಲಿನ ಅಧ್ಯಯನದಲ್ಲಿ ಸುಮಾರು ಶೇ. 80ರಷ್ಟು ಬೆಕ್ಕುಗಳು ಸಿಲ್ವರ್‌ವೈನ್‌ಗೆ ಪ್ರತಿಕ್ರಿಯಿಸಿದವು. ಕ್ಯಾಟ್‌ನಿಪ್‌ಗೆ ಜಗ್ಗದ ಬೆಕ್ಕುಗಳಲ್ಲಿ ಮುಕ್ಕಾಲು ಪಾಲು ಇದಕ್ಕೆ ಸೋತವು. ಆ ಅಧ್ಯಯನದಲ್ಲಿ ಬಳಸಿದ್ದು ಸಿಲ್ವರ್‌ವೈನ್ ಹಣ್ಣಿನ ಗಂಟುಗಳ ಪುಡಿ. ಕೀಟವೊಂದು ಹೂಮೊಗ್ಗಿನಲ್ಲಿ ಮೊಟ್ಟೆಯಿಟ್ಟಾಗ ಕಾಯಿ ಊದಿ ಗಂಟಾಗುತ್ತದೆ.

ಬಳಸುವ ವಿಧಾನ ಸರಳ. ಒಣ ಎಲೆಯಾದರೆ ಒಂದು ಚಿಟಿಕೆ ಸಾಕು. ಅಂಗೈಯಲ್ಲಿ ಉಜ್ಜಿ ಚಾಪೆಯ ಮೇಲೋ ಹಳೆ ಕಾಲುಚೀಲದೊಳಗೋ ಹಾಕಿದರೆ ವಾಸನೆ ಏಳುತ್ತದೆ. ಏನೂ ಆಗದಿದ್ದರೆ ಪ್ರಮಾಣ ಹೆಚ್ಚಿಸುವುದು ತಪ್ಪು, ಎಲೆ ಹಳೆಯದೇ ಎಂದು ಮೊದಲು ಪರೀಕ್ಷಿಸಬೇಕು. ತೆರೆದಿಟ್ಟ ಡಬ್ಬಿಯಲ್ಲಿ ಘಾಟು ಬೇಗ ಹಾರಿಹೋಗುತ್ತದೆ; ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಕಡೆ ಇಡಬೇಕು. ವಾರಕ್ಕೆ ಒಂದೆರಡು ಬಾರಿಗಿಂತ ಹೆಚ್ಚು ಬೇಕಿಲ್ಲ. ಬೆಕ್ಕು ಎಲೆಯನ್ನು ಹೆಚ್ಚು ತಿಂದರೆ ವಾಂತಿ, ಭೇದಿ ಆಗಬಹುದು. ಅಗಿಯಲು ಕೊಟ್ಟ ಸಿಲ್ವರ್‌ವೈನ್ ಕಡ್ಡಿ ಸೀಳಿಹೋಗಿ ನುಂಗುವಂಥ ಚೂರಾದಾಗ ಎಸೆಯಬೇಕು. ಸೀಸೆಯಲ್ಲಿ ಮಾರುವ ಗಾಢ ತೈಲಗಳನ್ನು ಬೆಕ್ಕಿನ ಮೈಗೆ ಹಚ್ಚಲೇಬಾರದು: ಅಂಥ ತೈಲಗಳನ್ನು ಅದರ ಪಿತ್ತಜನಕಾಂಗ ಸುಲಭವಾಗಿ ಕರಗಿಸಲಾರದು. ಮನೆಯಲ್ಲಿ ಎರಡು ಬೆಕ್ಕುಗಳಿದ್ದರೆ ಮೊದಲ ಸಲ ಬೇರೆಬೇರೆಯಾಗಿ ಕೊಡಬೇಕು. ಅಮಲಿನಲ್ಲಿ ಕೆಲವು ಜಗಳಕ್ಕೆ ಬೀಳುತ್ತವೆ.

ಕುಪ್ಪಿಗಿಡದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಔಷಧಿ ಸಿಂಪಡಿಸಿದ ಹೊಲದ ಗಿಡ ಬೇಡ. ಬೇರಿನ ಮಣ್ಣು ತೊಳೆದು ಮೂಸಲು, ಉಜ್ಜಿಕೊಳ್ಳಲು ಮಾತ್ರ ಕೊಟ್ಟು, ಅಮಲು ಇಳಿದೊಡನೆ ತೆಗೆದಿಡಬೇಕು. ಈ ಗಿಡವನ್ನು ತಿಂದ ಕೆಲವು ಮನುಷ್ಯರಲ್ಲಿ, ಅದರಲ್ಲೂ ಜಿ6ಪಿಡಿ ಕಿಣ್ವದ ಕೊರತೆಯುಳ್ಳವರಲ್ಲಿ, ಕೆಂಪು ರಕ್ತಕಣಗಳು ಒಡೆದ ಪ್ರಕರಣಗಳು ದಾಖಲಾಗಿವೆ. ಆದ್ದರಿಂದ ಬೆಕ್ಕು ಬೇರನ್ನು ಅಗಿದು ನುಂಗುವುದನ್ನು ಕಂಡರೆ ಕಿತ್ತುಕೊಳ್ಳಬೇಕು. ಒಸಡು ಬಿಳಿಚಿಕೊಂಡರೆ, ಮೂತ್ರ ಕಂದಾದರೆ, ಬೆಕ್ಕು ಏಳಲಾರದೆ ಮಲಗಿದರೆ ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಿರಿ. ತಿಂದ ಗಿಡದ ತುಂಡನ್ನೂ ಜೊತೆಗೆ ತೆಗೆದುಕೊಂಡು ಹೋಗಿ.